ಮೂರನೆಯ ದಿನ ಕಳೆದ ಮೇಲೆ ಹಚ್ಚೆ

ಅಕ್ಕನ ಮಗಳು ಒಂದು ಶನಿವಾರ ಮಧ್ಯಾಹ್ನ ಹಚ್ಚೆ ಹಾಕಿಸಿಕೊಂಡಳು. ಎಡಗೈಯ ಒಳಬದಿಗೆ, ಮಣಿಕಟ್ಟಿನಿಂದ ಮೊಣಕೈವರೆಗೆ ಹಬ್ಬಿದ ಜಾಜಿ ಬಳ್ಳಿ. ಮೂರು ಗಂಟೆಯ ಕೆಲಸ. ಬುಧವಾರ ರಾತ್ರಿ ಹತ್ತೂವರೆಗೆ ಅವಳ ಫೋನ್ ಬಂತು.

“ಚಿಕ್ಕಮ್ಮ, ಇಂಕ್ ಎಲ್ಲ ಕಿತ್ಕೊಂಡು ಬರ್ತಾ ಇದೆ. ಹಾಸಿಗೆ ಮೇಲೆಲ್ಲ ಹಸಿರು ಹಸಿರು ಚೂರು. ತುರಿಕೆ ತಡ್ಕೊಳ್ಳೋಕಾಗ್ತಿಲ್ಲ. ಇನ್ಫೆಕ್ಷನ್ ಆಗಿದೆಯಾ?”

ನಾನು ಇಪ್ಪತ್ತು ವರ್ಷ ಚರ್ಮರೋಗ ವಿಭಾಗದಲ್ಲಿ ನರ್ಸ್ ಆಗಿದ್ದವಳು. ಅವಳಿಗೆ ಎರಡೇ ಪ್ರಶ್ನೆ ಕೇಳಿದೆ. ನಿನ್ನೆಗಿಂತ ಇವತ್ತು ನೋವು ಹೆಚ್ಚೋ ಕಡಿಮೆಯೋ? ಬಿಸಿ ಹೆಚ್ಚೋ ಕಡಿಮೆಯೋ? ಎರಡೂ ಕಡಿಮೆ ಎಂದಳು. ಹಾಗಾದರೆ ಇನ್ಫೆಕ್ಷನ್ ಅಲ್ಲ, ಮಲಗು ಎಂದೆ. ಅಂದಿನ ಮಟ್ಟಿಗೆ ಅದು ಸರಿಯಾಗಿಯೇ ಇತ್ತು.

ಹಚ್ಚೆಯ ಯಂತ್ರದ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚರ್ಮಕ್ಕೆ ಇಳಿದು ಏಳುತ್ತದೆ. ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ, ಚರ್ಮದ ಒಳಪದರದಲ್ಲಿ ಶಾಯಿ ಬಿಡುತ್ತದೆ. ಅಲ್ಲಿ ದೇಹದ ಕಾವಲು ಕಣಗಳು ಆ ಶಾಯಿಯನ್ನು ನುಂಗಿ ಕೂರುತ್ತವೆ, ಹಚ್ಚೆ ವರ್ಷಗಟ್ಟಲೆ ಉಳಿಯುವುದು ಅದರಿಂದ. ಆದರೆ ಸೂಜಿ ಒಳಕ್ಕೆ ಹೋಗುವುದು ಮೇಲ್ಪದರವನ್ನು ತೂರಿಕೊಂಡು. ಹೋಗುವ ದಾರಿಯಲ್ಲಿ ಅಲ್ಲೂ ಶಾಯಿ ಅಂಟುತ್ತದೆ. ಗಾಯಗೊಂಡ ಆ ಮೇಲ್ಪದರವನ್ನು ದೇಹ ನಾಲ್ಕನೆಯ ಐದನೆಯ ದಿನದಿಂದ ಕಳಚತೊಡಗುತ್ತದೆ. ಹುಡುಗಿಯ ಹಾಸಿಗೆಯ ಮೇಲೆ ಉದುರಿದ್ದ ಹಸಿರು ಚೂರು ಈ ಪದರದ್ದು. ಬಳ್ಳಿ ಇದ್ದಲ್ಲೇ ಇತ್ತು.

ಸಿಪ್ಪೆ ಏಳುವುದು ಸಾಮಾನ್ಯವಾಗಿ ಎರಡನೆಯ ವಾರದ ಕೊನೆಯವರೆಗೆ ನಡೆಯುತ್ತದೆ. ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗೆ, ಹೊಟ್ಟಿನಂತೆ ಉದುರಬೇಕು. ಅದರ ಕೆಳಗೆ ಬರುವ ಹೊಸ ಚರ್ಮ ಮಂಜು ಕವಿದ ಗಾಜಿನಂತಿರುವುದರಿಂದ ಬಣ್ಣ ಮಂಕಾಗಿ ಕಾಣುತ್ತದೆ. ಇದನ್ನು ನೋಡಿ ಗಾಬರಿಯಾದವರು ಬಹಳ. ಕೆಲವು ವಾರಗಳಲ್ಲಿ ಆ ಮಂಕು ತಾನಾಗಿ ಹೋಗುತ್ತದೆ.

ತುರಿಕೆಯೂ ಈ ಹಂತದ್ದೇ. ಮಾಯುತ್ತಿರುವ ಗಾಯದಲ್ಲಿ ಹಿಸ್ಟಮಿನ್ ಬಿಡುಗಡೆಯಾಗುತ್ತದೆ, ಸೊಳ್ಳೆ ಕಚ್ಚಿದಾಗ ಕೆರೆತ ತರುವ ವಸ್ತುವೇ ಅದು. ಮೇಲೆ ಒಣಗಿ ಬಿಗಿದ ಚರ್ಮದ ಎಳೆತ ಬೇರೆ. ಕೆರೆಯುವಂತಿಲ್ಲ, ಏಕೆಂದರೆ ಇನ್ನೂ ಬಲಿಯದ ಹಕ್ಕಳೆ ಉಗುರಿಗೆ ಸಿಕ್ಕಿ ಎದ್ದರೆ ತನ್ನೊಡನೆ ಒಳಪದರದ ಶಾಯಿಯನ್ನೂ ಎಳೆದುಕೊಂಡು ಬರುತ್ತದೆ, ಚಿತ್ರದಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ. ತೊಳೆದ ಕೈಯಿಂದ ಮೆಲ್ಲಗೆ ತಟ್ಟಬಹುದು. ಶುಭ್ರವಾದ ಬಟ್ಟೆಯನ್ನು ತಣ್ಣೀರಲ್ಲಿ ಹಿಂಡಿ ಎರಡು ನಿಮಿಷ ಇಡಬಹುದು. ರಾತ್ರಿ ನಿದ್ದೆಗೆಡುವಷ್ಟಾದರೆ ವೈದ್ಯರು ಅಲರ್ಜಿಗೆ ಕೊಡುವ ಮಾತ್ರೆ ಸಾಕಾಗುತ್ತದೆ.

ಹಾಗಾದರೆ ಕೆಡುಕು ಯಾವುದು? ಒಂದೊಂದೇ ಲಕ್ಷಣವನ್ನು ಹಿಡಿದು ಕೂತರೆ ಗೊಂದಲವಾಗುತ್ತದೆ. ಹೊಸ ಹಚ್ಚೆಗೆ ಕೆಂಪು ಇದ್ದೇ ಇರುತ್ತದೆ, ಊತ ಇರುತ್ತದೆ, ಬಿಸಿ ಇರುತ್ತದೆ. ಮೊದಲ ಎರಡು ದಿನ ಶಾಯಿ ಬೆರೆತ ತಿಳಿದ್ರವ ಜಿನುಗುತ್ತದೆ. ನೋಡಬೇಕಾದದ್ದು ಇವು ಯಾವ ಕಡೆ ಹೊರಟಿವೆ ಎಂಬುದನ್ನು. ಎರಡು ಮೂರು ದಿನಕ್ಕೆ ಇವೆಲ್ಲ ತುದಿ ಮುಟ್ಟಿ ಇಳಿಯಲು ಶುರುವಾಗಬೇಕು. ಮೂರನೆಯ ದಿನ ಕಳೆದ ಮೇಲೂ ಏರುತ್ತಲೇ ಇದ್ದರೆ, ಅಥವಾ ಇಳಿದದ್ದು ಮತ್ತೆ ಏರತೊಡಗಿದರೆ, ಅಲ್ಲಿ ಏನೋ ಸೇರಿಕೊಂಡಿದೆ.

ನಮ್ಮ ಹುಡುಗಿಗೆ ಆದದ್ದು ಎರಡನೆಯದು.

ಶುಕ್ರವಾರ ಸಂಜೆ ಅವಳ ಮನೆಗೆ ಹೋದೆ. ಬಳ್ಳಿಯ ಮುಕ್ಕಾಲು ಭಾಗ ಚೆನ್ನಾಗಿ ಸಿಪ್ಪೆ ಏಳುತ್ತಿತ್ತು. ಮಣಿಕಟ್ಟಿನ ಹತ್ತಿರದ ಎರಡು ಎಲೆಗಳ ಮೇಲೆ ಮಾತ್ರ ಜೇನಿನ ಬಣ್ಣದ ದಪ್ಪ ಹಕ್ಕಳೆ ಕಟ್ಟಿತ್ತು. ಅದರ ಮೇಲೆಲ್ಲ ಅರಿಸಿನ. “ಅಜ್ಜಿ ಕೈಗೆ ಕೊರವಂಜಿ ಹಚ್ಚೆ ಹಾಕಿದಾಗ ಅರಿಸಿನ ಎಣ್ಣೆನೇ ಅಲ್ವಾ ಹಚ್ಚಿದ್ದು?” ಎಂದಳು ಅಕ್ಕ. ಹೌದು. ಅಜ್ಜಿಯ ಹಚ್ಚೆ ಆರೇಳು ಚುಕ್ಕೆ, ಒಂದು ತುಳಸಿಕಟ್ಟೆ. ಇದು ಒಂದು ಗೇಣಿಗೂ ಹೆಚ್ಚು ಉದ್ದದ ಹಸಿ ಗಾಯ. ಅಡುಗೆಮನೆಯ ಡಬ್ಬಿಯ ಅರಿಸಿನ ಊಟಕ್ಕೆ ಒಳ್ಳೆಯದು, ಆದರೆ ಅದು ಕ್ರಿಮಿರಹಿತ ಪುಡಿಯಲ್ಲ. ಎಲ್ಲ ಮಸಾಲೆ ಪುಡಿಗಳಂತೆ ಅದರಲ್ಲೂ ಬ್ಯಾಕ್ಟೀರಿಯಾ ಇರಬಹುದು. ನನಗೆ ಅದಕ್ಕಿಂತ ತೊಂದರೆ ಕೊಟ್ಟದ್ದು ಅದರ ಬಣ್ಣ. ಹಳದಿ ಮೆತ್ತಿದ ಚರ್ಮದಲ್ಲಿ ಕೆಂಪು ಎಲ್ಲಿಯವರೆಗೆ ಹಬ್ಬಿದೆ, ಒಸರುತ್ತಿರುವುದು ಕೀವೋ ನೀರೋ, ಏನೂ ತಿಳಿಯುವುದಿಲ್ಲ.

ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ ಸೋಪು ಹಾಕಿ ಅದನ್ನೆಲ್ಲ ತೊಳೆದೆವು. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಕೆಂಪಾಗಿಯೇ ಕಾಣಬೇಕೆಂದಿಲ್ಲ. ನೇರಳೆ ಛಾಯೆಯಾಗಿಯೋ, ಸುತ್ತಲಿಗಿಂತ ಕಪ್ಪಾಗಿಯೋ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಅದಕ್ಕೆ ಕಣ್ಣಿಗಿಂತ ಕೈಯನ್ನು ನಂಬಬೇಕು. ತೊಳೆದ ಅಂಗೈಯ ಹಿಂಬದಿಯನ್ನು ಹಚ್ಚೆಯ ಅಂಚಿಗೆ ತಾಗಿಸಿ, ಆಮೇಲೆ ಇನ್ನೊಂದು ಕೈಯ ಅದೇ ಜಾಗಕ್ಕೆ ತಾಗಿಸಿ ಹೋಲಿಸಬೇಕು. ಅವಳ ಮಣಿಕಟ್ಟು ಕಾದಿತ್ತು, ಒತ್ತಿದರೆ ಗಟ್ಟಿಯಾಗಿತ್ತು. ಬಾಲ್‌ಪೆನ್ನಿನಿಂದ ಆ ಬಿಸಿಯ ಅಂಚಿಗೆ ಸುತ್ತ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆದು, ಫೋಟೋ ತೆಗೆದಿಟ್ಟೆ.

ಬೆಳಿಗ್ಗೆ ಎಂಟಕ್ಕೆ ಊತ ಗೆರೆಯನ್ನು ಒಂದು ಬೆರಳಗಲ ದಾಟಿತ್ತು. ಹಕ್ಕಳೆಯ ಅಂಚಿನಿಂದ ದಪ್ಪನೆಯ, ಆಚೆ ಕಾಣದ ಹಳದಿ ಕೀವು ಬರುತ್ತಿತ್ತು. ಮೊದಲ ದಿನಗಳ ತಿಳಿದ್ರವಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೇಳುವುದು ಸುಲಭ: ಅದು ನೀರಾಗಿ, ಪಾರದರ್ಶಕವಾಗಿ ಇರುತ್ತದೆ, ವಾಸನೆ ಇರುವುದಿಲ್ಲ. ಕೀವು ಮಜ್ಜಿಗೆಯಂತೆ ಮಂದ, ಹಲವು ಸಲ ನಾತ ಬರುತ್ತದೆ. ಅವಳಿಗೆ ಜ್ವರ ಇರಲಿಲ್ಲ. ಇದ್ದಿದ್ದರೆ, ಅಥವಾ ಚಳಿ ನಡುಕ ಬಂದಿದ್ದರೆ, ಕೈಮೇಲೆ ಕಂಕುಳಿನ ಕಡೆ ಕೆಂಪು ಗೆರೆ ಏರಿದ್ದರೆ, ಕಂಕುಳಲ್ಲಿ ಗಂಟು ಬಾತಿದ್ದರೆ, ಬೆಳಗಾಗಲೆಂದು ಕಾಯದೆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ, ಹೃದಯದ ಕವಾಟದ ದೋಷ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಇಷ್ಟಕ್ಕೂ ಕಾಯಬಾರದು.

ಚರ್ಮರೋಗ ವೈದ್ಯೆ ಕೀವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಏಳು ದಿನದ ಮಾತ್ರೆ ಬರೆದರು. ಬಂದ ಉತ್ತರ ಸ್ಟಫೈಲೋಕಾಕಸ್, ನಮ್ಮೆಲ್ಲರ ಮೂಗಲ್ಲಿ, ಚರ್ಮದ ಮೇಲೆ ಸುಮ್ಮನೆ ಬದುಕುವ ಸಾಮಾನ್ಯ ಬ್ಯಾಕ್ಟೀರಿಯಾ. ಅದು ಒಳಹೊಕ್ಕ ದಾರಿ ಯಾವುದೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಆ ಎರಡು ಎಲೆಗಳ ಮೇಲೆಯೇ ಅವಳು ಸೋಮವಾರದಿಂದ ವಾಚು ಕಟ್ಟಿ ಕೆಲಸಕ್ಕೆ ಹೋಗಿದ್ದಳು. ಬೆವರು ಹೀರಿದ ಪಟ್ಟಿ ದಿನವಿಡೀ ಹಸಿ ಗಾಯಕ್ಕೆ ಉಜ್ಜಿತ್ತು.

ವೈದ್ಯೆ ಕೇಳಿದ ಮೊದಲ ಪ್ರಶ್ನೆ, “ಮನೆಯಲ್ಲಿದ್ದ ಯಾವುದಾದರೂ ಟ್ಯೂಬ್ ಹಚ್ಚಿದ್ರಾ?” ಇದು ನಮ್ಮಲ್ಲಿ ಕೇಳಲೇಬೇಕಾದ ಪ್ರಶ್ನೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ತುರಿಕೆಯ ಮುಲಾಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತದೆ. ತುರಿಕೆ ಮಾಯವಾಗುತ್ತದೆ, ಕೆಂಪೂ ತಗ್ಗುತ್ತದೆ, ಒಳಗಿನ ಸೋಂಕು ಮಾತ್ರ ತಡೆಯಿಲ್ಲದೆ ಬೆಳೆಯುತ್ತದೆ. ಇನ್ನು ನಿಯೋಮೈಸಿನ್, ಫ್ರಾಮೈಸೆಟಿನ್ ಇರುವ ಆಂಟಿಬಯಾಟಿಕ್ ಮುಲಾಮುಗಳು ಕೆಲವರಿಗೆ ಅಲರ್ಜಿ ತರುತ್ತವೆ. ಆಗ ಏಳುವ ಕೆಂಪು ಗುಳ್ಳೆಗಳು ಸೋಂಕಿನ ಹಾಗೆಯೇ ಕಾಣುವುದರಿಂದ, ಜನ ಅದೇ ಮುಲಾಮನ್ನು ಇನ್ನಷ್ಟು ಬಳಿಯುತ್ತಾರೆ.

ನಿಜವಾಗಿ ಬೇಕಾದ ಆರೈಕೆ ತೀರ ಸರಳ. ಕಲಾವಿದರು ಅಂಟಿಸಿ ಕಳಿಸಿದ ಪಾರದರ್ಶಕ ಪೊರೆಯನ್ನು ಅವರು ಹೇಳಿದ ಅವಧಿಗೆ ತೆಗೆಯಬೇಕು. ಅಂಚು ಬಿಟ್ಟು ದ್ರವ ಸೋರಿದರೆ, ಒಳಗೆ ನೀರು ಹೋದರೆ, ಕಾಯದೆ ತೆಗೆಯಬೇಕು. ಆಮೇಲೆ ದಿನಕ್ಕೆ ಎರಡು ಮೂರು ಸಲ, ಮೊದಲು ಕೈ ತೊಳೆದು, ಬೆರಳ ತುದಿಯಿಂದಲೇ ಸೋಪು ಹಚ್ಚಿ ತೊಳೆಯುವುದು. ಸ್ನಾನದ ಟವೆಲ್ ಬೇಡ, ಕಾಗದದ ಟವೆಲ್ ಒತ್ತಿ ಒಣಗಿಸುವುದು. ವಾಸನೆಯಿಲ್ಲದ ಮಾಯಿಶ್ಚರೈಸರ್ ಅನ್ನು ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಹಚ್ಚುವುದು. ದಪ್ಪಗೆ ಮೆತ್ತಿದರೆ ಹಕ್ಕಳೆ ನೆಂದು ಮೆತ್ತಗಾಗಿ, ಬಟ್ಟೆಗೆ ಅಂಟಿಕೊಂಡು ಕಿತ್ತುಬರುತ್ತದೆ. ಸಡಿಲವಾದ ಹತ್ತಿಬಟ್ಟೆ ಹಾಕಿ ಬಿಸಿಲು ತಾಗದಂತೆ ಮುಚ್ಚಬೇಕು, ಸನ್‌ಸ್ಕ್ರೀನ್ ಏನಿದ್ದರೂ ಮಾಯ್ದ ಮೇಲೆ.

ನೀರಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ತಲೆಮೇಲಿಂದ ಹೊಯ್ದುಕೊಳ್ಳುವ ಸ್ನಾನಕ್ಕೆ ಅಡ್ಡಿಯಿಲ್ಲ, ಮುಳುಗುವ ಸ್ನಾನ ಕೂಡದು. ಚರ್ಮ ಪೂರ್ತಿ ಮುಚ್ಚಿಕೊಳ್ಳುವವರೆಗೆ, ಅಂದರೆ ಎರಡರಿಂದ ನಾಲ್ಕು ವಾರ, ಈಜುಕೊಳ, ಕೆರೆ, ಹೊಳೆ, ಗೋಕರ್ಣದ ಕಡಲು ಎಲ್ಲವೂ ದೂರ. ತೀರ್ಥಸ್ನಾನದ ದಿನ ಬಂದರೂ ಅಷ್ಟೇ. ಅಮೆರಿಕದ ಟೆಕ್ಸಾಸ್‌ನಲ್ಲಿ 31 ವರ್ಷದ ಒಬ್ಬಾತ ಕಾಲಿಗೆ ಹಚ್ಚೆ ಹಾಕಿಸಿಕೊಂಡ ಐದನೆಯ ದಿನ ಮೆಕ್ಸಿಕೊ ಕೊಲ್ಲಿಯಲ್ಲಿ ಈಜಿದ. ಬೆಚ್ಚಗಿನ ಸಮುದ್ರದ ನೀರಿನಲ್ಲಿರುವ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗಾಯದಿಂದ ರಕ್ತಕ್ಕೆ ಸೇರಿ, ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡ. ಅವನಿಗೆ ಮೊದಲೇ ಲಿವರ್ ಕಾಯಿಲೆ ಇತ್ತು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಕರಣ ಇದು. ಇಂಥದ್ದು ಅಪರೂಪ, ಆದರೆ ತಪ್ಪಿಸಲು ಬೇಕಿದ್ದದ್ದು ಕೆಲವು ವಾರಗಳ ತಾಳ್ಮೆ ಅಷ್ಟೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬರಬಹುದಾದ ಒಂದು ಸೋಂಕಿದೆ. 2011ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಒಬ್ಬರೇ ಕಲಾವಿದರ ಬಳಿ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ಸಣ್ಣ ಕೆಂಪು ಗುಳ್ಳೆಗಳು ಎದ್ದು, ವಾರಗಟ್ಟಲೆ ಹೋಗಲಿಲ್ಲ. ಗುಳ್ಳೆ ಇದ್ದದ್ದು ಬೂದುಬಣ್ಣ ತುಂಬಿದ ಜಾಗದಲ್ಲಿ. ಹುಡುಕಿದಾಗ ಮೈಕೊಬ್ಯಾಕ್ಟೀರಿಯಂ ಕೆಲೊನೆ ಸಿಕ್ಕಿತು, ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ, ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟ. ಇನ್ನೂ ಮುಚ್ಚಳ ತೆರೆಯದ ಬೂದುಶಾಯಿಯ ಬಾಟಲಿಯಲ್ಲೂ ಅದೇ ಇತ್ತು. ಅಂದರೆ ಶಾಯಿ ಅಂಗಡಿಗೆ ಬರುವ ಮೊದಲೇ ಕೆಟ್ಟಿತ್ತು. ಕಪ್ಪು ಶಾಯಿಗೆ ನಲ್ಲಿ ನೀರು ಬೆರೆಸಿ ಬೂದು ಮಾಡುವ ಕಡೆಗಳಲ್ಲೂ ಈ ಅಪಾಯ ಉಂಟು. ಇದು ಮೂರನೆಯ ದಿನದ ಲೆಕ್ಕಕ್ಕೆ ಸಿಗುವುದಿಲ್ಲ. ಗಾಯ ಚೆನ್ನಾಗಿ ಮಾಯ್ದಂತೆ ಕಂಡು, ಒಂದರಿಂದ ಮೂರು ವಾರದ ಮೇಲೆ ತಲೆಯೆತ್ತುತ್ತದೆ. ಜ್ವರವಿಲ್ಲ, ಹೆಚ್ಚು ನೋವಿಲ್ಲ, ಮಾಮೂಲಿ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಚರ್ಮದ ಚೂರು ತೆಗೆದು ಪರೀಕ್ಷಿಸಿ, ತಿಂಗಳುಗಟ್ಟಲೆ ಬೇರೆಯದೇ ಔಷಧಿ ಕೊಡಬೇಕಾಗುತ್ತದೆ.

ಒಂದೇ ಬಣ್ಣದ ಭಾಗ ಮಾತ್ರ ಉಬ್ಬಿ ತುರಿಸುವುದು ಇನ್ನೊಂದು ಕಾರಣಕ್ಕೂ ಇರಬಹುದು. ಕೆಂಪು ಶಾಯಿಗೆ ಅಲರ್ಜಿ ಹೆಚ್ಚು, ಅದು ತಿಂಗಳ ಮೇಲೂ ಬರಬಹುದು, ವರ್ಷಗಳ ಮೇಲೂ ಬರಬಹುದು. ಅದಕ್ಕೇ ವೈದ್ಯರ ಬಳಿ ಹೋಗುವಾಗ ಹಚ್ಚೆ ಹಾಕಿಸಿದ ದಿನ, ಬಳಸಿದ ಬಣ್ಣಗಳು, ಗೊತ್ತಿದ್ದರೆ ಶಾಯಿಯ ಹೆಸರು ಹೇಳಬೇಕು.

ಹುಡುಗಿಯ ಮಾತ್ರೆ ಮುಗಿಯುವ ಹೊತ್ತಿಗೆ ಬಿಸಿ ಇಳಿದಿತ್ತು, ಬಾಲ್‌ಪೆನ್ನಿನ ಗೆರೆ ಅಳಿಸಿತ್ತು. ಹಕ್ಕಳೆ ಬಿದ್ದ ಜಾಗದಲ್ಲಿ ಎರಡು ಎಲೆಗಳ ನಡುವೆ ಕಡಲೆಕಾಳಿನಷ್ಟು ಬಣ್ಣ ಇಲ್ಲ. ಮರುವಾರವೇ ತುಂಬಿಸಿಕೊಳ್ಳಲು ಹೊರಟವಳನ್ನು ಆ ಕಲಾವಿದನೇ ತಡೆದ. ಮೇಲೆ ಮುಚ್ಚಿದಂತೆ ಕಂಡರೂ ಒಳಪದರ ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು, ಅಷ್ಟರೊಳಗೆ ಸೂಜಿ ಹಾಕಿದರೆ ಗಂಟು ಕಟ್ಟುತ್ತದೆ, ದೀಪಾವಳಿ ಕಳೆದು ಬಾ ಎಂದನಂತೆ. ವಾಚನ್ನು ಈಗ ಬಲಗೈಗೆ ಕಟ್ಟುತ್ತಿದ್ದಾಳೆ.