ಕವಾಟ ಸಿಕ್ಕಿಕೊಂಡದ್ದು ಹೇಗೆ?

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹೊರಟ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಹಂತ ಚೆನ್ನಾಗಿಯೇ ಉರಿಯಿತು. ಎರಡನೇ ಹಂತದಲ್ಲಿ ಹಿಡಿತ ತಪ್ಪಿ, 317 ಸೆಕೆಂಡುಗಳಲ್ಲಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲಾಯಿತು.

ಆಮೇಲೆ ನಡೆದ ಪರಾಮರ್ಶೆ ಸಭೆಗಳು ಕಾರಣವನ್ನು ಹಿಂದುಹಿಂದಕ್ಕೆ ಹುಡುಕುತ್ತ ಹೋದವು. ಎರಡನೇ ಹಂತವನ್ನು ನೇರವಾಗಿಡುವ ನಿಯಂತ್ರಣ ವ್ಯವಸ್ಥೆ ಕೆಲಸ ಮಾಡಲಿಲ್ಲ. ಏಕೆ? ಅದಕ್ಕೆ ಬೇಕಾದ ನೈಟ್ರಿಕ್ ಆಮ್ಲ ಮೊದಲೇ ಸೋರಿಹೋಗಿತ್ತು. ಸೋರಿದ್ದೇಕೆ? ಒಂದು ಕವಾಟದೊಳಗೆ ಕಸ ಸಿಕ್ಕಿ ಅದು ಮುಚ್ಚಿಕೊಳ್ಳಲಿಲ್ಲ. ಸೋರಿಕೆ ಉಡಾವಣೆಗೆ ಮುನ್ನವೇ ಕಂಡಿತ್ತು. ಉಳಿದ ಆಮ್ಲ ಸಾಕೆಂದು ತಜ್ಞರು ಅಂದಾಜಿಸಿದ್ದರು.

ಇಲ್ಲಿಗೆ ಬಂದಾಗ ಬೆರಳು ತೋರಿಸುವುದು ಬಲು ಸುಲಭ. ಆದರೆ ಯೋಜನೆಯ ಮುಖ್ಯಸ್ಥ ಅಬ್ದುಲ್ ಕಲಾಂ ಎದ್ದು ನಿಂತು, ಸೋರಿಕೆ ತಿಳಿದಾಗಲೇ ಉಡಾವಣೆ ನಿಲ್ಲಿಸಬೇಕಿತ್ತು, ಹೊಣೆ ತನ್ನದೇ ಎಂದರು. ಅದು ಬರಿಯ ದೊಡ್ಡತನವಲ್ಲ. ಕವಾಟ ಜೋಡಿಸಿದವರನ್ನು ಅಂದೇ ಗದರಿದ್ದರೆ, ಮುಂದಿನ ಸಲ ಸಣ್ಣ ಸೋರಿಕೆಯನ್ನು ಯಾರು ತಾನೇ ಬಾಯಿಬಿಟ್ಟು ಹೇಳುತ್ತಿದ್ದರು? ಇಸ್ರೋ ಅಧ್ಯಕ್ಷ ಸತೀಶ್ ಧವನ್ ಕೂಡ ತಂಡದ ಬೆನ್ನಿಗೆ ನಿಂತರು.

ಅದೇ ತಂಡದ ಎಸ್‌ಎಲ್‌ವಿ-3, 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು.