ಮೊಲದ ಮೂವತ್ತೊಂದು ದಿನ

ಮೊಲ ಸಾಕುವ ಮನೆಯಲ್ಲಿ ಮೊದಲು ಬೇಕಾದದ್ದು ಗೋಡೆಗೆ ಒಂದು ಕ್ಯಾಲೆಂಡರ್. ಹೆಣ್ಣು ಮೊಲ ಗಂಡಿನ ಜೊತೆ ಸೇರಿದ ಮೂವತ್ತೊಂದನೆಯ ದಿನ, ಸಾಮಾನ್ಯವಾಗಿ ಒಂದು ದಿನ ಹಿಂದೆ ಮುಂದೆ, ಮರಿ ಹಾಕುತ್ತದೆ. ಕೂಡಿಸಿದ ತಾರೀಖು ಬರೆದಿಡದವರಿಗೆ ಮರಿಗಳು ಕೈಗೆ ದಕ್ಕುವುದು ಕಷ್ಟ.

ಸೋವಿಯತ್ ಚಿಂಚಿಲ್ಲಾ ತಳಿಯ ಒಂದು ಹೆಣ್ಣನ್ನು ತೆಗೆದುಕೊಳ್ಳೋಣ. ಅದಕ್ಕೆ ಆರು ತಿಂಗಳು ತುಂಬಿದೆ, ತೂಕ ಮೂರು ಕಿಲೋ ಆಸುಪಾಸು. ಎರಡೂವರೆ ಅಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ತಂತಿಯ ಪಂಜರದಲ್ಲಿ ಒಂಟಿಯಾಗಿದೆ. ಪಂಜರ ನೆಲದಿಂದ ಸೊಂಟದೆತ್ತರಕ್ಕೆ ಇರಲಿ. ಹಿಕ್ಕೆ, ಮೂತ್ರ ಕೆಳಗೆ ಬಿದ್ದುಹೋಗಬೇಕು. ಒದ್ದೆ ನೆಲದಲ್ಲಿ ಕಾಕ್ಸಿಡಿಯೋಸಿಸ್ ಎಂಬ ಭೇದಿ ರೋಗ ಎಳೆಯ ಮೊಲಗಳನ್ನು ಸಾಲಾಗಿ ಕೊಲ್ಲುತ್ತದೆ. ತಳದ ಜಾಲರಿಯ ಕಣ್ಣು ಅರ್ಧ ಇಂಚಿಗಿಂತ ದೊಡ್ಡದಾದರೆ ಮರಿಗಳ ಕಾಲು ಸಿಕ್ಕಿಕೊಳ್ಳುತ್ತದೆ. ತಂತಿ ತೆಳುವಾದರೆ ದೊಡ್ಡವುಗಳ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಒಂದು ಮೂಲೆಯಲ್ಲಿ ಹಲಗೆಯ ತುಂಡು ಹಾಕಿದರೆ ಮೊಲ ಅದರ ಮೇಲೆ ಕೂತು ಕಾಲಿಗೆ ವಿಶ್ರಾಂತಿ ಕೊಡುತ್ತದೆ.

ಹಸುವಿನ ಹಾಗೆ ಮೊಲ ಇಂತಿಷ್ಟು ದಿನಕ್ಕೊಮ್ಮೆ ಬೆದೆಗೆ ಬರುವುದಿಲ್ಲ. ಗಂಡು ಕೂಡಿದ ಮೇಲೆಯೇ, ಸುಮಾರು ಹತ್ತು ಗಂಟೆ ಕಳೆದು, ಅಂಡ ಬಿಡುಗಡೆಯಾಗುತ್ತದೆ. ಆದರೂ ಒಪ್ಪುವ ದಿನ, ಒಪ್ಪದ ದಿನ ಇದ್ದೇ ಇವೆ. ಬಾಲ ಎತ್ತಿ ನೋಡಿದಾಗ ಯೋನಿ ಕೆಂಪಾಗಿ ಊದಿದ್ದರೆ ಒಪ್ಪುತ್ತದೆ, ಬಿಳಚಿಕೊಂಡಿದ್ದರೆ ಎರಡು ಮೂರು ದಿನ ಕಾಯಬೇಕು.

ನವೆಂಬರ್ 1ರ ಬೆಳಿಗ್ಗೆ, ತಂಪಿನಲ್ಲಿ, ಹೆಣ್ಣನ್ನು ಗಂಡಿನ ಪಂಜರಕ್ಕೆ ಬಿಡಿ. ಗಂಡನ್ನು ಹೆಣ್ಣಿನ ಪಂಜರಕ್ಕೆ ಮಾತ್ರ ಬಿಡಬೇಡಿ. ತನ್ನ ಜಾಗಕ್ಕೆ ಬಂದವನನ್ನು ಅದು ಕಚ್ಚಿ ಪರಚಿ ಓಡಿಸುತ್ತದೆ. ಕೂಡುವಿಕೆ ಆಯಿತೋ ಇಲ್ಲವೋ ಎಂಬ ಅನುಮಾನವೇ ಉಳಿಯುವುದಿಲ್ಲ: ಗಂಡು ಕೆಲವೊಮ್ಮೆ ಸಣ್ಣಗೆ ಕೂಗಿ, ಧೊಪ್ಪೆಂದು ಪಕ್ಕಕ್ಕೆ ಉರುಳುತ್ತದೆ. ಹೆಣ್ಣನ್ನು ಅದರ ಪಂಜರಕ್ಕೆ ಮರಳಿಸಿ ತಾರೀಖು ಬರೆಯಿರಿ.

ನವೆಂಬರ್ 14ರ ಹೊತ್ತಿಗೆ ಹೊಟ್ಟೆಯ ಕೆಳಭಾಗವನ್ನು ಬೆರಳ ತುದಿಯಲ್ಲಿ ಮೃದುವಾಗಿ ಒತ್ತಿ ನೋಡಿದರೆ ಗೋಲಿಯಂಥ ಗಂಟುಗಳು ಜಾರುತ್ತವೆ. ಹಿಕ್ಕೆಯೂ ಅಲ್ಲೇ ಸಿಗುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಹಿಕ್ಕೆ ಗಟ್ಟಿ, ಚಿಕ್ಕದು, ಬೆನ್ನಿನ ಕಡೆ ಇರುತ್ತದೆ. ಗಂಟುಗಳಿಲ್ಲದೆಯೂ ಹದಿನೇಳನೆಯ ದಿನದ ಸುಮಾರಿಗೆ ಹೆಣ್ಣು ಕೂದಲು ಕಿತ್ತು ಗೂಡು ಕಟ್ಟಲು ಹೊರಟರೆ ಅದು ಸುಳ್ಳು ಗಬ್ಬ. ಮತ್ತೆ ಗಂಡಿನ ಬಳಿ ಒಯ್ಯಬಹುದು.

ಗಬ್ಬದ ಹೆಣ್ಣಿಗೆ ದಿನಕ್ಕೆ ನೂರೈವತ್ತು ಗ್ರಾಂನಷ್ಟು ಹಿಂಡಿ ಆಹಾರ, ಜೊತೆಗೆ ಬೇಲಿ ಮೆಂತೆ, ಕುದುರೆ ಮೆಂತೆ, ಗರಿಕೆಯಂಥ ಹಸಿರು ಮತ್ತು ಯಾವಾಗಲೂ ಒಣಹುಲ್ಲು ಇರಬೇಕು. ನಾರು ಕಡಿಮೆಯಾದರೆ ಮೊಲದ ಕರುಳು ಕೆಲಸ ನಿಲ್ಲಿಸುತ್ತದೆ. ಮೇವು ಬದಲಿಸುವುದಿದ್ದರೆ ವಾರದುದ್ದಕ್ಕೂ ಸ್ವಲ್ಪ ಸ್ವಲ್ಪವೇ ಬದಲಿಸಿ. ನಸುಕಿನಲ್ಲಿ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಗಾಬರಿಯಾಗಬೇಡಿ. ಒಮ್ಮೆಗೆ ದಕ್ಕದ ಬಿ ಜೀವಸತ್ವ, ಸಸಾರಜನಕವನ್ನು ಅದು ಹೀಗೆ ಪಡೆಯುತ್ತದೆ.

ನವೆಂಬರ್ 28ಕ್ಕೆ ಮರಿಪೆಟ್ಟಿಗೆ ಇಡಿ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಮರದ ಪೆಟ್ಟಿಗೆ, ಒಳಗೆ ಒಣಹುಲ್ಲು. ಬಹಳ ಮೊದಲೇ ಇಟ್ಟರೆ ಅದನ್ನೇ ಕಕ್ಕಸು ಮಾಡಿಕೊಳ್ಳುತ್ತದೆ. ತಡವಾದರೆ ಮರಿಗಳು ಬರಿ ತಂತಿಯ ಮೇಲೆ ಬಿದ್ದು ಚಳಿಗೆ ಸಾಯುತ್ತವೆ. ಹೊಸಬರು ಮರಿಗಳನ್ನು ಹೆಚ್ಚು ಕಳೆದುಕೊಳ್ಳುವುದು ಇಲ್ಲಿಯೇ ಎಂದು ನನ್ನ ಅಂದಾಜು. ತಾಯಿ ಹೊಟ್ಟೆಯ ಕೂದಲನ್ನು ಕಿತ್ತು ಹಾಸುತ್ತದೆ. ಡಿಸೆಂಬರ್ 2ರ ಸುಮಾರಿಗೆ, ಹೆಚ್ಚಾಗಿ ರಾತ್ರಿ ಹೊತ್ತು, ಆರೆಂಟು ಮರಿ ಹಾಕುತ್ತದೆ. ಬೆಳಿಗ್ಗೆ ಸತ್ತ ಮರಿಗಳನ್ನು ತೆಗೆದು, ಉಳಿದವನ್ನು ಎಣಿಸಿ, ಕೂದಲು ಮುಚ್ಚಿ ಸುಮ್ಮನಿರಿ.

ತಾಯಿ ಪೆಟ್ಟಿಗೆಯ ಹತ್ತಿರವೂ ಸುಳಿಯುತ್ತಿಲ್ಲ ಎಂದು ಹೊಸಬರು ಕಂಗಾಲಾಗುತ್ತಾರೆ. ಅದು ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರ್ನಾಲ್ಕು ನಿಮಿಷ ಮಾತ್ರ ಹಾಲುಣಿಸುತ್ತದೆ. ಮರಿಗಳ ಹೊಟ್ಟೆ ನೋಡಿ: ದುಂಡಗೆ ಬಿಗಿಯಾಗಿದ್ದರೆ ಹಾಲು ಸಿಕ್ಕಿದೆ, ಚರ್ಮ ಸುಕ್ಕಾಗಿ ಮುಟ್ಟಿದರೆ ತಣ್ಣಗಿದ್ದರೆ ಇಲ್ಲ. ಆಗ ಅದೇ ದಿನಗಳಲ್ಲಿ ಮರಿ ಹಾಕಿದ, ಕಡಿಮೆ ಮರಿಗಳಿರುವ ಇನ್ನೊಂದು ತಾಯಿಯ ಗೂಡಿಗೆ ಅವನ್ನು ಸೇರಿಸಬಹುದು. ಹಾಲೂಡುವ ತಾಯಿಗೆ ಹಿಂಡಿ ಹೆಚ್ಚಿಸಿ, ನೀರು ತಪ್ಪದಂತೆ ನೋಡಿಕೊಳ್ಳಿ. ಹತ್ತು ಹನ್ನೆರಡು ದಿನಕ್ಕೆ ಮರಿಗಳು ಕಣ್ಣು ಬಿಡುತ್ತವೆ, ಮೂರನೆಯ ವಾರ ಪೆಟ್ಟಿಗೆಯಿಂದ ಹೊರಬಂದು ಮೇವಿಗೆ ಬಾಯಿ ಹಾಕುತ್ತವೆ.

ಐದು ವಾರಕ್ಕೆ, ಅಂದರೆ ಜನವರಿ 6ಕ್ಕೆ, ಮರಿಗಳನ್ನು ಹಳೆಯ ಪಂಜರದಲ್ಲೇ ಬಿಟ್ಟು ತಾಯಿಯನ್ನು ಬೇರೆಡೆ ಸಾಗಿಸಿ. ಜಾಗ ಬದಲಾಗದಿದ್ದರೆ ಮರಿಗಳಿಗೆ ಆಘಾತ ಕಡಿಮೆ. ಅಂದೇ ತಾಯಿಯನ್ನು ಕೂಡಿಸಿದರೆ ಮುಂದಿನ ಸೂಲು ಫೆಬ್ರವರಿ 6ಕ್ಕೆ. ಈ ಲೆಕ್ಕದಲ್ಲಿ ವರ್ಷಕ್ಕೆ ಐದು ಸೂಲು. ಮೂರು ತಿಂಗಳಾಗುವಷ್ಟರಲ್ಲಿ ಗಂಡು ಮರಿಗಳನ್ನು ಬೇರ್ಪಡಿಸಿ, ಇಲ್ಲದಿದ್ದರೆ ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ.

ಕಾಗದದ ಮೇಲಿನ ಈ ಐದು ಸೂಲಿಗೆ ಕಲಬುರಗಿ, ರಾಯಚೂರಿನ ಬೇಸಿಗೆ ಒಪ್ಪುವುದಿಲ್ಲ. ಶೆಡ್ಡಿನೊಳಗೆ ಮೂವತ್ತು ಡಿಗ್ರಿ ದಾಟಿ ಹಲವು ದಿನ ನಿಂತರೆ ಗಂಡಿನ ವೀರ್ಯ ಕೆಡುತ್ತದೆ, ಅದು ಸರಿಹೋಗಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಹೀಗಾಗಿ ಮೇ ತಿಂಗಳ ಧಗೆಯ ಫಲ ಕಾಣುವುದು ಜೂನ್, ಜುಲೈನಲ್ಲಿ: ಮಳೆ ಬಂದು ತಂಪಾಗಿದ್ದರೂ ಹೆಣ್ಣುಗಳು ಗಬ್ಬ ನಿಲ್ಲುವುದಿಲ್ಲ. ಆಗ ಹೆಣ್ಣು ಬಂಜೆಯೆಂದು ಮಾರುವ ಮೊದಲು ಗಂಡನ್ನು ಬದಲಿಸಿ ನೋಡಬೇಕು.