ಮಡಕೆ ಪಳಗಬೇಕು

ಕುಂಬಾರರ ಅಂಗಳದಿಂದ ನೇರವಾಗಿ ಪೇಟೆಯ ಅಡುಗೆಮನೆಗೆ ಬರುತ್ತಿರುವ ಮಣ್ಣಿನ ಪಾತ್ರೆಗಳ ಜೊತೆ ಈಗ ಒಂದು ಚೀಟಿಯೂ ಬರುತ್ತದೆ. ಒಂದು ದಿನ ನೀರಿನಲ್ಲಿ ಮುಳುಗಿಸಿಡಿ, ಗಂಜಿ ಕುದಿಸಿ, ಉರಿ ಸಣ್ಣದಿರಲಿ, ಸೋಪು ಹಾಕಬೇಡಿ, ಬಿಸಿ ಮಡಕೆಯನ್ನು ಒದ್ದೆ ಕಲ್ಲಿನ ಮೇಲೆ ಇಡಬೇಡಿ ಎಂದು ಅದರಲ್ಲಿ ಬರೆದಿರುತ್ತದೆ. ಹಿಂದೆ ಇಂಥ ಚೀಟಿ ಬೇಕಿರಲಿಲ್ಲ. ಮಡಕೆ ತರುವ ಮನೆಯಲ್ಲಿ ಅದನ್ನು ಪಳಗಿಸಲು ಬಲ್ಲವರೂ ಇರುತ್ತಿದ್ದರು. ಇಂದು ಪಾತ್ರೆ ಮನೆಗೆ ಬರುತ್ತದೆ, ಬಲ್ಲವರು ಜೊತೆಗೆ ಬರುವುದಿಲ್ಲ. ಚೀಟಿಯಲ್ಲಿ ಏನು ಮಾಡಬೇಕೆಂದಿದೆಯೇ ಹೊರತು ಏಕೆ ಮಾಡಬೇಕೆಂದಿಲ್ಲ. ಕಾರಣ ತಿಳಿಯದ ಕಟ್ಟಳೆಯನ್ನು ಜನ ಅರ್ಧ ಪಾಲಿಸಿ ಅರ್ಧ ಬಿಡುತ್ತಾರೆ. ಮಡಕೆ ಸೀಳಿದಾಗ ಕುಂಬಾರನ ಕೈಯನ್ನು ದೂರುತ್ತಾರೆ. ನೋಡಿದರೆ ಈ ಐದೂ ಮಾತಿಗೆ ಇರುವುದು ಒಂದೇ ಕಾರಣ: ಮಡಕೆಯ ಗೋಡೆ ಗಟ್ಟಿ ಗೋಡೆಯಲ್ಲ, ಕಣ್ಣಿಗೆ ಕಾಣದ ತೂತುಗಳ ಜಾಲ. ಅದು ಕುಂಬಾರನ ಕೊರತೆಯೂ ಅಲ್ಲ, ಬೇಕೆಂದೇ ಉಳಿಸಿಕೊಂಡದ್ದು. ಇಷ್ಟು ತಿಳಿದವರಿಗೆ ಚೀಟಿಯ ಹಂಗಿಲ್ಲ.

ಬೇಕೆಂದೇ ಹೇಗೆ ಎಂಬುದು ಮಡಕೆ ಹುಟ್ಟುವ ದಾರಿಯಲ್ಲಿ ಕಾಣುತ್ತದೆ. ಗದ್ದೆಯ ಅಥವಾ ಕೆರೆಯ ಜೇಡಿಮಣ್ಣನ್ನು ಕಲ್ಲು, ಬೇರು ತೆಗೆದು ನೆನೆಸಿ, ಮರಳು ಬೆರೆಸಿ ತುಳಿದು ಹದ ಮಾಡುತ್ತಾರೆ. ತಿಗರಿಯ ಮೇಲೆ ಮೊದಲು ಎದ್ದುಬರುವುದು ಬಾಯಿ, ಕತ್ತು ಮತ್ತು ದಪ್ಪನೆಯ ಮೈ ಮಾತ್ರ. ಅದು ಅರೆ ಒಣಗಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗೆ ಮರದ ಹಲಗೆಯಿಂದ ತಟ್ಟಿ ತಟ್ಟಿ ಗೋಡೆಯನ್ನು ತೆಳು ಮಾಡುತ್ತಾ ತಳವನ್ನು ಉಂಡೆಯಾಗಿ ಕೂಡಿಸುತ್ತಾರೆ. ಅಡುಗೆ ಮಡಕೆಯ ತಳ ಗುಂಡಗಿರುವುದು ಅಂದಕ್ಕಲ್ಲ. ಮೂಲೆಯಿದ್ದಲ್ಲಿ ಗೋಡೆ ಒಂದೇ ಸಮ ಹಿಗ್ಗುವುದಿಲ್ಲ, ಸೀಳು ಅಲ್ಲಿಂದಲೇ ಶುರುವಾಗುತ್ತದೆ. ನೆರಳಿನಲ್ಲಿ ಒಣಗಿದ ಮಡಕೆಗಳು ಕೊನೆಗೆ ಆವಿಗೆ ಸೇರುತ್ತವೆ. ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಬೆಸೆದಿದ್ದ ನೀರೂ ಹೊರಟುಹೋಗಿರುತ್ತದೆ. ಆಮೇಲೆ ಅದನ್ನು ಎಷ್ಟು ನೆನೆಸಿದರೂ ಮತ್ತೆ ಕೆಸರಾಗದು. ಹಳ್ಳಿಯ ಆವಿಗೆಯ ಬೆಂಕಿ ಸಾಮಾನ್ಯವಾಗಿ 700ರಿಂದ 900 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಿಂಗಾಣಿಯ ಹಾಗೆ 1200 ಡಿಗ್ರಿಯ ಆಚೆಗೆ ಸುಟ್ಟರೆ ಕಣಗಳ ನಡುವೆ ಗಾಜು ಕರಗಿ ತೂತುಗಳು ಮುಚ್ಚುತ್ತವೆ, ನೀರು ಜಿನುಗುವುದು ನಿಲ್ಲುತ್ತದೆ. ಹಾಗಾದರೆ ಅಷ್ಟು ಸುಡಬಾರದೇಕೆ? ಪಿಂಗಾಣಿ ಬಟ್ಟಲನ್ನು ನೇರ ಒಲೆಗೆ ಇಟ್ಟವರಿಗೆ ಉತ್ತರ ಗೊತ್ತು: ಅದು ಸಿಡಿಯುತ್ತದೆ. ಗಾಜಿನಂಥ ಬಿಗಿ ಮೈಯಲ್ಲಿ ಹುಟ್ಟಿದ ಸೀಳು ತಡೆಯಿಲ್ಲದೆ ಓಡುತ್ತದೆ. ಸಡಿಲ ಮೈಯಲ್ಲಾದರೆ ಅದೇ ಸೀಳು ಮುಂದಿನ ತೂತಿಗೋ ಮರಳಿನ ಕಣಕ್ಕೋ ತಾಗಿ ಅಲ್ಲೇ ನಿಲ್ಲುತ್ತದೆ. ಉರಿಯನ್ನು ತಾಳಲು ಬೇಕಾದ ಗುಣವೂ ನೀರನ್ನು ಕುಡಿಯುವ ದೋಷವೂ ಒಂದೇ ತೂತಿನಲ್ಲಿವೆ.

ಹೀಗಾಗಿ ಕೊಳ್ಳುವಾಗ ಹೊಳಪನ್ನು ನೋಡಬಾರದು. ಬೆರಳ ಗಂಟಿನಿಂದ ತಟ್ಟಿದರೆ ಚೆನ್ನಾಗಿ ಬೆಂದ, ಬಿರುಕಿಲ್ಲದ ಮಡಕೆ ಟಣ್ ಎನ್ನುತ್ತದೆ. ಬೊದ್ದು ಸದ್ದು ಬಂದರೆ ಕಾಣದ ಸೀಳಿದೆ ಅಥವಾ ಬೇಯಿಸಿದ್ದು ಸಾಲದು. ಕಪ್ಪು ಮಡಕೆಯಲ್ಲಿ ಎರಡು ಬಗೆ. ಸುಡುವ ಕೊನೆಯ ಹಂತದಲ್ಲಿ ಆವಿಗೆಗೆ ಗಾಳಿ ಹೋಗದಂತೆ ಮುಚ್ಚಿ ಹೊಗೆ ಕಟ್ಟಿದರೆ ಇಂಗಾಲ ತೂತುಗಳೊಳಗೆ ಕೂತು ಮೈ ಕಪ್ಪಾಗುತ್ತದೆ. ಇದು ನಿಜವಾದ ಕಪ್ಪು, ಸ್ವಲ್ಪ ಮಟ್ಟಿಗೆ ತೂತನ್ನೂ ತುಂಬುತ್ತದೆ. ಇನ್ನೊಂದು ಬರಿಯ ಬಣ್ಣ. ಎಣ್ಣೆ ಸವರಿದ ಬಿಳಿ ಬಟ್ಟೆಯಿಂದ ಬಲವಾಗಿ ಉಜ್ಜಿದಾಗ ಬಟ್ಟೆಗೆ ಬಣ್ಣ ಧಾರಾಳವಾಗಿ ಇಳಿದರೆ, ವಾರ್ನಿಷ್ ವಾಸನೆ ಬಂದರೆ ಅದು ಅಡುಗೆಗಲ್ಲ. ಗಾಜಿನಂತೆ ಮಿನುಗುವ ಅಗ್ಗದ ಮಣ್ಣಿನ ಪಾತ್ರೆಯಲ್ಲೂ ಎಚ್ಚರ ಬೇಕು. ಕಡಿಮೆ ಶಾಖದಲ್ಲೇ ಕರಗುವ ಮೆರುಗಿಗೆ ಹಿಂದಿನಿಂದಲೂ ಸೀಸ ಬೆರೆಸುವ ರೂಢಿಯಿದೆ, ಹುಳಿ ಅಡುಗೆ ಆ ಸೀಸವನ್ನು ಕರಗಿಸಿ ಎಳೆದುಕೊಳ್ಳಬಲ್ಲದು.

ಈಗ ಪಳಗಿಸುವ ಕೆಲಸ. ಎರಡು ಲೀಟರು ಹಿಡಿಯುವ, ಒಂದೂವರೆ ಕಿಲೋ ತೂಗುವ ಮೀನು ಸಾರಿನ ಮಡಕೆಯೊಂದನ್ನು ತೆಗೆದುಕೊಳ್ಳೋಣ. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು ತನ್ನ ತೂಕದ ಶೇಕಡಾ 10ರಿಂದ 20ರಷ್ಟು ನೀರು ಕುಡಿಯಬಲ್ಲದು. ಅಂದರೆ ಈ ಮಡಕೆಯ ಗೋಡೆಯೊಳಗೆ 150ರಿಂದ 300 ಮಿಲಿಲೀಟರು, ಒಂದು ದೊಡ್ಡ ಲೋಟದಷ್ಟು ಜಾಗವಿದೆ. ಆ ಜಾಗದಲ್ಲಿ ಮೊದಲು ಏನು ಕೂರಬೇಕು ಎಂಬುದೇ ಪಳಗಿಸುವುದರ ತಿರುಳು. ಹಾಗೇ ಬಿಟ್ಟರೆ ಮೊದಲ ದಿನದ ಸಾರಿನ ಎಣ್ಣೆ, ಮೀನಿನ ವಾಸನೆ ಅಲ್ಲಿ ಮನೆಮಾಡುತ್ತವೆ. ಮೊದಲ ದಿನ ಮಡಕೆಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಬೇಕು. ಗೋಡೆಯಿಂದ ಗುಳ್ಳೆಗಳು ಏಳುವುದು ಕಾಣುತ್ತದೆ, ಅದು ತೂತಿನ ಗಾಳಿ. ಗುಳ್ಳೆ ನಿಂತರೂ ತೆಗೆಯದೆ ಒಂದು ದಿನ ಪೂರ್ತಿ ಬಿಟ್ಟರೆ ಬೂದಿ, ಧೂಳು ಎಲ್ಲ ಸಡಿಲವಾಗುತ್ತದೆ. ನಾರಿನಿಂದ ಉಜ್ಜಿ ತೊಳೆದು ನೆರಳಲ್ಲಿ ಆರಿಸಬೇಕು. ಎರಡನೆಯ ದಿನ ಮುಕ್ಕಾಲು ಮಡಕೆ ಅಕ್ಕಿ ತೊಳೆದ ನೀರು ಅಥವಾ ತೆಳು ಗಂಜಿ ಹಾಕಿ, ಅತಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ ಅರ್ಧ ಗಂಟೆ ಮೆಲ್ಲಗೆ ಕುದಿಸಬೇಕು. ಅಕ್ಕಿಯ ಪಿಷ್ಟ 70 ಡಿಗ್ರಿಯ ಸುಮಾರಿಗೆ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ತೂತಿನ ಬಾಯಲ್ಲಿ ಕೂತು ಒಣಗಿದಾಗ ಬಿರಡೆಯ ಹಾಗೆ ನಿಲ್ಲುತ್ತದೆ. ಗಂಜಿಯನ್ನು ಮಡಕೆಯಲ್ಲೇ ತಣಿಯಲು ಬಿಟ್ಟು ಆಮೇಲೆ ಚೆಲ್ಲಬೇಕು. ಇದನ್ನೇ ಇನ್ನೆರಡು ಸಲ ಮಾಡಿದರೆ ಬಿರಡೆ ಗಟ್ಟಿಯಾಗುತ್ತದೆ.

ಕರಾವಳಿಯಲ್ಲಿ ಇದರ ಮೇಲೆ ಕೊಬ್ಬರಿ ಎಣ್ಣೆ ಸವರಿ, ತೆಂಗಿನ ತುರಿ ಹುರಿಯುವವರೂ ಇದ್ದಾರೆ. ಅದು ಒಳ್ಳೆಯದೇ, ಆದರೆ ಎಣ್ಣೆಯೇ ಸಾಕೆಂದು ಗಂಜಿಯನ್ನು ಬಿಡುವುದು ತಪ್ಪು. ಕಬ್ಬಿಣದ ಕಾವಲಿಯ ಮೇಲೆ ಎಣ್ಣೆ ಕಾದು ಗಟ್ಟಿ ಪದರವಾಗುವುದನ್ನು ಕಂಡವರು ಮಡಕೆಯಲ್ಲೂ ಅದೇ ಆಗುತ್ತದೆಂದು ತಿಳಿಯುತ್ತಾರೆ. ಕೊಬ್ಬರಿ ಎಣ್ಣೆ ಹಾಗೆ ಸುಲಭವಾಗಿ ಗಟ್ಟಿಕಟ್ಟುವ ಜಾತಿಯದಲ್ಲ. ಅದು ಮೇಲ್ಮೈಗೆ ಜಿಡ್ಡು ಕೊಡುತ್ತದೆ, ತೂತು ತುಂಬುವ ಕೆಲಸ ಪಿಷ್ಟದ್ದೇ. ಮಡಕೆ ಪಳಗಿತೇ ಎಂದು ತಿಳಿಯಲು ಅದನ್ನು ಚೆನ್ನಾಗಿ ಒಣಗಿಸಿ, ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ರಾತ್ರಿಯಿಡೀ ಇಟ್ಟರಾಯಿತು. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಇನ್ನೊಂದು ಸಲ ಗಂಜಿ ಕುದಿಸಬೇಕು. ಎಷ್ಟು ಸಲ ಕುದಿಸಿದರೂ ಒಂದೇ ಜಾಗದಲ್ಲಿ ಒದ್ದೆ ಗೆರೆ ಮೂಡುತ್ತಿದ್ದರೆ ಅದು ತೂತಲ್ಲ, ಸೀಳು.

ಉರಿಯ ವಿಷಯದಲ್ಲಿ ಮಡಕೆ ಲೋಹದ ತದ್ವಿರುದ್ಧ. ಶಾಖವನ್ನು ಸಾಗಿಸುವುದರಲ್ಲಿ ಸುಟ್ಟ ಮಣ್ಣು ಅಲ್ಯೂಮಿನಿಯಂನ ಸುಮಾರು ಇನ್ನೂರರಲ್ಲಿ ಒಂದು ಪಾಲು. ಗ್ಯಾಸಿನ ಜೋರು ಉರಿ ತಳದ ನಡುವಿಗೆ ತಾಗಿದಾಗ ಅಲ್ಲಿ ಮಣ್ಣು ಹಿಗ್ಗುತ್ತದೆ, ಸುತ್ತಲಿನದು ಇನ್ನೂ ತಣ್ಣಗಿರುತ್ತದೆ. ಈ ಎಳೆದಾಟವೇ ಮಡಕೆಯನ್ನು ಸೀಳುವುದು. ಬಿಸಿ ಮಡಕೆಗೆ ತಣ್ಣೀರು ಸುರಿದರೂ, ಒದ್ದೆ ಕಡಪಾ ಕಲ್ಲಿನ ಮೇಲೆ ಇಟ್ಟರೂ ಅದೇ ಎಳೆದಾಟ ತಿರುವುಮುರುವಾಗಿ ನಡೆಯುತ್ತದೆ. ಸಿಂಬಿಯ ಮೇಲೆ ಇಳಿಸುವ ಹಳೆಯ ರೂಢಿ ಇದಕ್ಕೇ. ಬಂಗುಡೆ ಸಾರು ಮಾಡುವಾಗ ಅರೆದ ಮಸಾಲೆ, ನೀರು, ಹುಳಿ ಮೊದಲೇ ಮಡಕೆಯಲ್ಲಿರಲಿ, ಬರಿ ಮಡಕೆ ಕಾಯದಿರಲಿ. ಮೊದಲ ಐದಾರು ನಿಮಿಷ ಉರಿ ಸಣ್ಣದಿದ್ದು ಆಮೇಲೆ ಮಧ್ಯಮಕ್ಕೆ ಏರಲಿ. ಮಸಾಲೆ ಕುದಿದ ಮೇಲೆ ಮೀನು ಹಾಕಿ, ಅದು ಮುಕ್ಕಾಲು ಬೆಂದಾಗಲೇ ಒಲೆ ಆರಿಸಬೇಕು. ಗೋಡೆ ಕುಡಿದ ಶಾಖ ಹೊರಬರುತ್ತಾ ಇನ್ನೂ ಕೆಲವು ನಿಮಿಷ ಸಾರು ಕೊತಕೊತ ಎನ್ನುತ್ತಲೇ ಇರುತ್ತದೆ, ಉಳಿದ ಕಾಲು ಭಾಗ ಆ ಶಾಖಕ್ಕೇ ಬೇಯುತ್ತದೆ. ಸ್ಟೀಲಿನ ಲೆಕ್ಕದಲ್ಲಿ ಆರಿಸಿದರೆ ಮೀನು ಪುಡಿಯಾಗುತ್ತದೆ. ಇಂಡಕ್ಷನ್ ಒಲೆಗೆ ಮಾತ್ರ ಮಡಕೆ ಆಗದು, ಅದಕ್ಕೆ ಅಯಸ್ಕಾಂತ ಹಿಡಿಯುವ ಲೋಹದ ತಳವೇ ಬೇಕು.

ತೊಳೆಯುವುದರಲ್ಲೂ ಅದೇ ಒಂದು ಲೋಟದ ಜಾಗ ನೆನಪಿರಲಿ. ಸೋಪಿನ ನೀರು ಗೋಡೆಯೊಳಗೆ ಇಳಿದು ಮರುದಿನದ ಸಾರಿನ ಬಿಸಿಗೆ ಹಿಂದೆ ಬರುತ್ತದೆ, ಪಿಷ್ಟ ಮತ್ತು ಜಿಡ್ಡಿನ ಬಿರಡೆಯನ್ನೂ ಸಡಿಲಿಸುತ್ತದೆ. ಮಡಕೆ ತಣಿದ ಮೇಲೆ ಬೆಚ್ಚನೆಯ ನೀರು ತುಂಬಿ ಬಿಟ್ಟು, ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಜಿಡ್ಡಿದ್ದರೆ ಕಡಲೆಹಿಟ್ಟು, ಸೀಗೆಪುಡಿ ಅಥವಾ ಜರಡಿ ಹಿಡಿದ ಒಲೆಯ ಬೂದಿ ಇದೆ. ಸೋಪಿಲ್ಲದೆ ಕ್ರಿಮಿ ಸಾಯುತ್ತವೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರ ಒಣಗಿಸುವುದರಲ್ಲಿ ಮತ್ತು ಮತ್ತೆ ಕುದಿಸುವುದರಲ್ಲಿದೆ. ಕೊಳೆ ತೆಗೆದು, ಗೋಡೆ ಒಳಗಿನವರೆಗೂ ಒಣಗಿದರೆ ಬೂಷ್ಟು ಬೆಳೆಯಲು ತೇವ ಸಿಗದು. ಹಾಗಾಗಿ ಬಿಸಿಲಿಗೆ ಬಾಯಿ ಮಾಡಿ ಪೂರ್ತಿ ಆರಿಸಬೇಕು, ಮುಚ್ಚಳ ಹಾಕಿ ಕಪಾಟಿನಲ್ಲಿಡಬಾರದು. ಮಳೆಗಾಲದಲ್ಲಿ ಹೊರಮೈಯಲ್ಲಿ ಬಿಳಿ ಪುಡಿ ಕಂಡರೆ ಗಾಬರಿ ಬೇಡ. ಒದ್ದೆ ಬಟ್ಟೆಗೆ ಕರಗಿಹೋಗಿ ವಾಸನೆಯಿಲ್ಲದಿದ್ದರೆ ಅದು ನೀರಿನ ಜೊತೆ ಹೊರಬಂದ ಉಪ್ಪು. ಎಳೆಎಳೆಯಾಗಿ, ಮುಗ್ಗಲು ನಾತ ಬಂದರೆ ಬೂಷ್ಟು. ಅಡುಗೆ ಸೋಡಾದಿಂದ ಉಜ್ಜಿ, ನೀರು ಕುದಿಸಿ ಚೆಲ್ಲಿ, ಎರಡು ದಿನ ಬಿಸಿಲಿಗಿಡಬೇಕು. ಆಮೇಲೂ ನಾತ ಹೋಗದಿದ್ದರೆ ಅದರಲ್ಲಿ ಗಿಡ ನೆಡುವುದೇ ಸರಿ. ಮೀನಿನ ಮಡಕೆ, ಹಾಲಿನ ಮಡಕೆ ಬೇರೆಬೇರೆ ಇರಬೇಕಾದದ್ದು ಮಡಿಗಷ್ಟೇ ಅಲ್ಲ, ತೂತು ಯಾವ ವಾಸನೆಯನ್ನೂ ಪೂರ್ತಿ ಮರೆಯುವುದಿಲ್ಲ.

ಮಡಕೆಯ ಪರವಾಗಿ ಹೇಳುವ ಕೆಲವು ಮಾತುಗಳನ್ನೂ ಇಲ್ಲೇ ತೂಗಬೇಕು. ಮಣ್ಣು ಕ್ಷಾರ, ಹುಳಿಯನ್ನು ಅದು ಹೀರಿ ಆರೋಗ್ಯ ಕೊಡುತ್ತದೆ ಎಂದು ಮಾರಾಟದ ಮಾತಿದೆ. ಅದು ನಿಜವಾಗಿದ್ದರೆ ಮಡಕೆಯ ಹುಣಸೆ ಸಾರು ಸಪ್ಪೆಯಾಗಬೇಕಿತ್ತು, ಆದರೆ ರಾತ್ರಿ ಕಳೆದ ಮೀನು ಸಾರು ಹುಳಿಯಾಗಿಯೇ ಇರುತ್ತದೆ. ನಿಜವಾದ ಲಾಭ ಇಷ್ಟಕ್ಕಿಂತ ಸರಳ: ಅಲ್ಯೂಮಿನಿಯಂ ಹುಳಿಯ ಜೊತೆ ವರ್ತಿಸುತ್ತದೆ, ಮೆರುಗಿಲ್ಲದ ಒಳ್ಳೆಯ ಮಣ್ಣು ಹಾಗೆ ವರ್ತಿಸುವುದಿಲ್ಲ, ಮತ್ತು ನಿಧಾನದ ಶಾಖ ತಳ ಹಿಡಿಸದೆ ಬೇಯಿಸುತ್ತದೆ. ಬೇಳೆ ಬೇಯಿಸಲು ಕುಕ್ಕರೇ ಮೇಲು, ಅದನ್ನು ಒಪ್ಪಿಕೊಂಡರೆ ಮಡಕೆಗೆ ಅವಮಾನವಿಲ್ಲ. ಮೀನು ಸಾರು, ಹುರುಳಿ ಸಾರು, ಕುಚಲಕ್ಕಿ ಗಂಜಿ, ಮೊಸರು, ಇವು ಅದರ ಕ್ಷೇತ್ರ.

ಕೊನೆಯ ಆಕ್ಷೇಪ, ದುಡ್ಡು ಕೊಟ್ಟದ್ದು ಒಡೆಯುತ್ತದಲ್ಲ ಎಂಬುದು. ಒಡೆಯುತ್ತದೆ, ಆದರೆ ಯಾರ ತಪ್ಪಿಗೆ ಒಡೆಯಿತೆಂದು ಮಡಕೆಯೇ ಹೇಳುತ್ತದೆ. ಮಣ್ಣಿನಲ್ಲಿ ಸುಣ್ಣಕಲ್ಲಿನ ಚೂರು ಉಳಿದಿದ್ದರೆ ಸುಟ್ಟಾಗ ಅದು ಸುಟ್ಟ ಸುಣ್ಣವಾಗಿ, ನೆನೆದಾಗ ಉಬ್ಬಿ ಗೋಡೆಯಿಂದ ಚಕ್ಕೆ ಎಬ್ಬಿಸುತ್ತದೆ. ಚಕ್ಕೆಯ ನಡುವೆ ಬಿಳಿ ಚುಕ್ಕೆ ಅದರ ಗುರುತು. ಈ ದೋಷವಾಗಲಿ, ಆವಿಗೆಯಲ್ಲೇ ಬಿದ್ದ ಸೀಳಾಗಲಿ ಬಹುಪಾಲು ಹೊರಬೀಳುವುದು ನೆನೆಸುವ ದಿನಗಳಲ್ಲೇ. ಆಗ ಕಂಡದ್ದು ಕುಂಬಾರನ ಲೆಕ್ಕ, ಅಂಥ ಮಡಕೆಯನ್ನು ಮರಳಿಸಿ ಬೇರೆ ಕೇಳಬಹುದು. ಗಂಜಿ ಕುದಿಸಿ, ಕಾಗದದ ಪರೀಕ್ಷೆ ಗೆದ್ದ ಮಡಕೆ ತಿಂಗಳು ಕಳೆದು ತಳದಲ್ಲಿ ಸೀಳಿದರೆ ಅದು ಹೆಚ್ಚಾಗಿ ಒಲೆಯ ಲೆಕ್ಕ. ಮಡಕೆಯ ಜೊತೆ ಬರುವ ಚೀಟಿಗೆ ಇನ್ನೊಂದು ಸಾಲು ಸೇರಿಸುವುದಾದರೆ ಇದನ್ನೇ ಸೇರಿಸಬೇಕು: ನೆನೆಸಿದಾಗ ಬಿರಿದರೆ ಬದಲಿಸಿಕೊಡುತ್ತೇವೆ, ಅದಕ್ಕಾಗಿ ಮೊದಲು ನೆನೆಸಿ.